ಒಂದು ಪುಟದ ಕೃತಜ್ಞತೆ

1957ರ ಅಕ್ಟೋಬರ್ 16ರಂದು ಆ ವರ್ಷದ ಸಾಹಿತ್ಯದ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಅಲ್ಜೀರಿಯಾದಲ್ಲಿ ಹುಟ್ಟಿ ಬೆಳೆದ ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂ ಆಗ ಇನ್ನೂ 44 ತುಂಬದ ಮನುಷ್ಯ. ಮುಂದಿನ ಕೆಲವು ವಾರ ಪತ್ರಕರ್ತರು, ಅಭಿನಂದನೆ, ಅಸೂಯೆ, ಟೀಕೆ ಎಲ್ಲವೂ ಒಟ್ಟಿಗೆ ಅವರ ಮನೆಬಾಗಿಲಿಗೆ ಬಂದವು. ಆ ಗದ್ದಲ ಸ್ವಲ್ಪ ತಣ್ಣಗಾಗಲಿ ಎಂದು ಕಾದು, ನವೆಂಬರ್ 19ರಂದು ಅವರು ಒಂದು ಪತ್ರ ಬರೆದರು. ಅದು ಹೋದದ್ದು ಲೂಯಿ ಜರ್ಮೇನ್ ಎಂಬ ಪ್ರಾಥಮಿಕ ಶಾಲಾ ಅಧ್ಯಾಪಕರಿಗೆ. ಮೂವತ್ತಮೂರು ವರ್ಷಗಳ ಹಿಂದೆ ಆಲ್ಜಿಯರ್ಸ್ ನಗರದ ಬಡ ಬಡಾವಣೆಯೊಂದರಲ್ಲಿ ಅವರು ಕಮೂಗೆ ಪಾಠ ಹೇಳಿದ್ದರು.

ಪತ್ರ ತುಂಬಾ ಚಿಕ್ಕದು, ಒಂದು ಪುಟ ಸಾಕು. ತಾನು ಕೇಳದ, ಬೇಡದ ದೊಡ್ಡ ಗೌರವವೊಂದು ತನಗೆ ಬಂದಿದೆ ಎಂದು ಅವರು ಬರೆಯುತ್ತಾರೆ. ಸುದ್ದಿ ಕೇಳಿದಾಗ ಮೊದಲು ತಾಯಿಯ ನೆನಪಾಯಿತಂತೆ, ಅನಂತರ ನೆನಪಾದದ್ದು ಈ ಅಧ್ಯಾಪಕರದು. ಬಡ ಹುಡುಗನಾಗಿದ್ದ ತನ್ನತ್ತ ಅವರು ಪ್ರೀತಿಯಿಂದ ಕೈ ಚಾಚದೆ ಇದ್ದಿದ್ದರೆ, ಅವರ ಪಾಠವೂ ಮಾದರಿಯೂ ಇಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಎನ್ನುತ್ತಾರೆ. ಪ್ರಶಸ್ತಿಯನ್ನು ದೊಡ್ಡದು ಮಾಡುವುದಿಲ್ಲ. ಇದನ್ನು ನಿಮಗೆ ಹೇಳಲು ಒಂದು ಸಂದರ್ಭ ಸಿಕ್ಕಿತಲ್ಲ ಎಂಬಷ್ಟಕ್ಕೆ ಮಾತ್ರ ಅದರ ಬೆಲೆ ಎಂಬ ಧಾಟಿ ಅವರದು. ವಯಸ್ಸು ಎಷ್ಟಾದರೂ ತಾನು ಅವರ ಕೃತಜ್ಞ ವಿದ್ಯಾರ್ಥಿಯಾಗಿಯೇ ಉಳಿದಿದ್ದೇನೆ ಎಂದು ಹೇಳಿ ಮುಗಿಸುತ್ತಾರೆ. ಮರುತಿಂಗಳು ಸ್ವೀಡನ್ನಿನಲ್ಲಿ ಮಾಡಿದ ಭಾಷಣಗಳು ಪುಸ್ತಕವಾದಾಗ ಅದನ್ನೂ ಇದೇ ಅಧ್ಯಾಪಕರಿಗೆ ಅರ್ಪಿಸಿದರು.

ಈ ಪತ್ರವನ್ನು ಇಂದು ಜಗತ್ತಿನ ಎಷ್ಟೋ ಕಡೆ ಓದುತ್ತಾರೆ. 2020ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಅಧ್ಯಾಪಕ ಸ್ಯಾಮುಯೆಲ್ ಪಾಟಿಯವರನ್ನು, ಯಾವ ಧರ್ಮದ ಹೆಸರಿನಲ್ಲೂ ಸಮರ್ಥಿಸಲಾಗದ ಕ್ರೌರ್ಯದಿಂದ ಕೊಂದಾಗ, ಸೋರ್ಬೋನಿನಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿಯೂ ಇದನ್ನು ಓದಲಾಯಿತು. ಹೀಗೆ ಓದಿ ಓದಿ ಪತ್ರ ಒಂದು ಸ್ಮಾರಕದಂತಾಗಿದೆ. ಸ್ಮಾರಕಗಳ ಮುಂದೆ ನಾವು ತಲೆಬಾಗುತ್ತೇವೆ, ಪ್ರಶ್ನೆ ಕೇಳುವುದಿಲ್ಲ. ಆದರೆ ಈ ಪತ್ರದ ಸುತ್ತ ಕೇಳಲೇಬೇಕಾದ ಪ್ರಶ್ನೆಗಳಿವೆ. ಅಧ್ಯಾಪಕರು ಕೊಟ್ಟದ್ದಾದರೂ ಏನು? ಅದು ಸಾಲವೇ? ಸಾಲವಾಗಿದ್ದರೆ ಒಂದು ಪುಟದಲ್ಲಿ ತೀರುತ್ತದೆಯೇ? ಮತ್ತು ಧನ್ಯವಾದ ಹೇಳಿಸಿಕೊಳ್ಳಬೇಕಾದವರು ಅವರೊಬ್ಬರೇ ಆಗಿದ್ದರೇ?

ಮೊದಲು ಆ ವರ್ಷವನ್ನು ನೋಡೋಣ. ಅದು 1923-24ರ ಶಾಲಾ ವರ್ಷ. ಹುಡುಗನಿಗೆ ಹತ್ತು ವರ್ಷ. ತಂದೆ 1914ರಲ್ಲಿ, ಮೊದಲ ಮಹಾಯುದ್ಧದ ಆರಂಭದಲ್ಲಿಯೇ, ಮಾರ್ನ್ ಕದನದಲ್ಲಿ ಗಾಯಗೊಂಡು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಆಗ ಮಗುವಿಗೆ ಒಂದು ವರ್ಷವೂ ತುಂಬಿರಲಿಲ್ಲ. ತಾಯಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಮಾತು ಕಡಿಮೆ, ಓದು ಬರುತ್ತಿರಲಿಲ್ಲ. ಅವರಿವರ ಮನೆಗಳಲ್ಲಿ ನೆಲ ಒರೆಸಿ, ಬಟ್ಟೆ ಒಗೆದು ದುಡಿಯುತ್ತಿದ್ದರು. ಬೆಲ್ಕೂರ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ ಮೂರು ಕೋಣೆಗಳ ಮನೆ. ಅಜ್ಜಿ, ತಾಯಿ, ಅಣ್ಣ, ಮಾತು ಸರಿಯಾಗಿ ಬಾರದ ಸೋದರಮಾವ ಎಲ್ಲರೂ ಅಲ್ಲೇ. ಮನೆಯಲ್ಲಿ ಪುಸ್ತಕ ಎಂಬ ವಸ್ತುವೇ ಇರಲಿಲ್ಲ. ಮನೆಯ ಆಡಳಿತವೆಲ್ಲ ಅಜ್ಜಿಯ ಕೈಯಲ್ಲಿ, ಆ ಕೈಯಲ್ಲೊಂದು ಚಾವಟಿಯೂ ಇತ್ತು.

ಅಜ್ಜಿಯನ್ನು ನಾವು ದುಷ್ಟಳೆಂದು ತಿಳಿಯಬೇಕಾಗಿಲ್ಲ. ಅವರ ಲೆಕ್ಕ ಬಡವರ ಲೆಕ್ಕ. ಪ್ರಾಥಮಿಕ ಶಾಲೆ ಮುಗಿದ ಹುಡುಗ ಎಲ್ಲಾದರೂ ಕೆಲಸ ಕಲಿಯಲು ಸೇರಬೇಕು, ನಾಲ್ಕು ಕಾಸು ತರಬೇಕು. ಅಣ್ಣನೂ ಹಾಗೆಯೇ ದುಡಿಮೆಗೆ ಹೋದವನು. ಹೈಸ್ಕೂಲಿಗೆ, ಅಂದರೆ ಅವರು ಲೀಸೆ ಎಂದು ಕರೆಯುವ ಶಾಲೆಗೆ ಹೋದರೆ ಇನ್ನೂ ಆರು ವರ್ಷ ಹುಡುಗ ಮನೆಗೆ ಏನೂ ತರುವುದಿಲ್ಲ. ಆರು ವರ್ಷವೆಂದರೆ ಆ ಮನೆಗೆ ಒಂದು ಯುಗ. ಶುಲ್ಕದ ಮಾತಂತೂ ಬೇರೆಯೇ. ಒಂದೇ ದಾರಿ ಎಂದರೆ ಸರಕಾರ ಕೊಡುವ ವಿದ್ಯಾರ್ಥಿವೇತನ. ಅದಕ್ಕೊಂದು ಸ್ಪರ್ಧಾ ಪರೀಕ್ಷೆ. ಆ ಪರೀಕ್ಷೆಗೆ ಹುಡುಗನ ಹೆಸರು ಸೇರಿಸಲು ಅಧ್ಯಾಪಕರು ಮುಂದಾಗಬೇಕು, ಮನೆಯವರು ಒಪ್ಪಬೇಕು.

ಮುಂದೆ ನಡೆದದ್ದು ಕಮೂ ತಮ್ಮ ಕೊನೆಯ, ಪೂರ್ಣಗೊಳ್ಳದ ಕಾದಂಬರಿ 'ಮೊದಲ ಮನುಷ್ಯ'ದಲ್ಲಿ ಬರುತ್ತದೆ. ಅದು ಕಾದಂಬರಿ ನಿಜ. ಅಧ್ಯಾಪಕರ ಹೆಸರು ಅಲ್ಲಿ ಬರ್ನಾರ್ ಎಂದಾಗಿದೆ, ಹುಡುಗನ ಹೆಸರೂ ಬೇರೆ. ಆದರೂ ಹಸ್ತಪ್ರತಿಯ ಒಂದು ಕಡೆ ಕಮೂ ಮರೆತು ನಿಜವಾದ ಹೆಸರನ್ನೇ ಬರೆದಿದ್ದಾರೆ. ಆ ಪುಟಗಳಲ್ಲಿ ಅಧ್ಯಾಪಕರು ಮನೆಗೆ ಬಂದು ಅಜ್ಜಿಯೊಂದಿಗೆ ಮಾತಾಡುತ್ತಾರೆ, ಒಪ್ಪಿಸುತ್ತಾರೆ. ಆರಿಸಿದ ಕೆಲವು ಹುಡುಗರಿಗೆ ಶಾಲೆ ಬಿಟ್ಟ ಮೇಲೆ ದಿನಕ್ಕೆ ಎರಡು ಗಂಟೆ ಹೆಚ್ಚು ಪಾಠ ಹೇಳುತ್ತಾರೆ. ಪಾಠಕ್ಕೆ ಹಣ ಕೊಡಲು ನಮ್ಮಲ್ಲಿಲ್ಲ ಎಂದು ಅಜ್ಜಿ ಹೇಳಿದಾಗ, ಹುಡುಗ ಅದನ್ನು ಆಗಲೇ ಕೊಟ್ಟಾಗಿದೆ ಎಂದು ಉತ್ತರಿಸುತ್ತಾರೆ.

ಪ್ರೋತ್ಸಾಹ ಎಂಬ ಶಬ್ದವನ್ನು ನಾವು ಬಹಳ ಸಡಿಲವಾಗಿ ಬಳಸುತ್ತೇವೆ. ಬೆನ್ನು ತಟ್ಟಿ 'ಶಹಭಾಸ್' ಎಂದರೆ ಪ್ರೋತ್ಸಾಹ, ಶಾಲಾ ವಾರ್ಷಿಕೋತ್ಸವದಲ್ಲಿ ಒಂದು ಸ್ಟೀಲ್ ಲೋಟ ಕೊಟ್ಟರೆ ಪ್ರೋತ್ಸಾಹ. ಜರ್ಮೇನ್ ಕೊಟ್ಟದ್ದು ಆ ಬಗೆಯದ್ದಲ್ಲ. ಅವರು ಕೊಟ್ಟದ್ದು ಎರಡು ಗಂಟೆ, ಅದೂ ದಿನಾ. ಕಾಗುಣಿತ, ಲೆಕ್ಕ, ಶ್ರುತಲೇಖನ, ಮತ್ತೆ ಲೆಕ್ಕ. ತರಗತಿಯ ಕೊನೆಗೆ ಒಮ್ಮೊಮ್ಮೆ ರೋಲಾಂ ದೋರ್ಜೆಲೆಯ 'ಮರದ ಶಿಲುಬೆಗಳು' ಎಂಬ ಯುದ್ಧದ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ತಂದೆ ಹೇಗೆ ಸತ್ತನೆಂದು ಮನೆಯಲ್ಲಿ ಯಾರೂ ವಿವರಿಸಿ ಹೇಳದ ಹುಡುಗನಿಗೆ ಆ ಸಾವಿನ ಲೋಕ ಮೊದಲು ಪರಿಚಯವಾದದ್ದು ಅಲ್ಲಿ. ಅವರು ಹೊಡೆಯುತ್ತಲೂ ಇದ್ದರು ಎಂಬುದನ್ನು ಬಚ್ಚಿಡುವ ಅಗತ್ಯವಿಲ್ಲ. ಕಾದಂಬರಿಯ ಅಧ್ಯಾಪಕರ ಬಳಿ ದಪ್ಪನೆಯ ಮರದ ರೂಲರೊಂದಿತ್ತು, ಅದಕ್ಕೆ ಒಂದು ಮಿಠಾಯಿಯ ಹೆಸರಿಟ್ಟಿದ್ದರು. ಪ್ರೀತಿಯ ವಿದ್ಯಾರ್ಥಿಗೂ ವಿನಾಯಿತಿ ಇರಲಿಲ್ಲ. ಈಗಿನವರು ಒಪ್ಪದಿರಬಹುದು, ನಾವೂ ಒಪ್ಪುವುದಿಲ್ಲ. ಕಮೂ ಮಾತ್ರ ಅದನ್ನು ದೂರಾಗಿ ಬರೆದಿಲ್ಲ. ಅಲ್ಲಿ ಎಲ್ಲರಿಗೂ ಒಂದೇ ನ್ಯಾಯವಿತ್ತು ಎಂಬುದನ್ನು ಮಕ್ಕಳು ಕಂಡಿದ್ದರು ಎನ್ನುತ್ತಾರೆ. ಮನೆಯಲ್ಲಿ ಹುಡುಗ ಒಂದು ಹೊಟ್ಟೆ, ನಾಳೆಯ ಒಂದು ಸಂಬಳ. ಈ ತರಗತಿಯಲ್ಲಿ ಅವನು ಜಗತ್ತನ್ನು ಅರಿಯಲು ಯೋಗ್ಯನಾದ ಒಬ್ಬ ಮನುಷ್ಯ. ನಮ್ಮ ದೃಷ್ಟಿಯಲ್ಲಿ ಆ ಎರಡು ಗಂಟೆಗಳ ಒಳಗಿದ್ದ ವಸ್ತು ಇದೇ.

ಈಗ ಸಾಲದ ಪ್ರಶ್ನೆಗೆ ಬರೋಣ. ಕನ್ನಡದಲ್ಲಿ ನಾವು ಗುರುವಿನ 'ಋಣ' ಎನ್ನುತ್ತೇವೆ, 'ಋಣ ತೀರಿಸುವುದು' ಎನ್ನುತ್ತೇವೆ. ಭಾಷೆಯೇ ನಮ್ಮನ್ನು ಬಡ್ಡಿ ವ್ಯಾಪಾರಿಯ ಅಂಗಡಿಗೆ ಕರೆದೊಯ್ಯುತ್ತದೆ. ಸಾಲಕ್ಕೆ ಒಂದು ಮೊತ್ತವಿರುತ್ತದೆ, ಒಂದು ದಿನ ಅದು ಮುಗಿಯುತ್ತದೆ. ಮುಗಿದ ಮರುದಿನ ಸಾಲ ಕೊಟ್ಟವನನ್ನು ಬೀದಿಯಲ್ಲಿ ಕಂಡರೂ ಮುಖ ತಿರುಗಿಸಿ ನಡೆಯಬಹುದು. ಉಪಕಾರದ ಬಗ್ಗೆ ಒಂದು ದೊಡ್ಡ ಗ್ರಂಥವನ್ನೇ ಬರೆದ ರೋಮಿನ ತತ್ತ್ವಜ್ಞಾನಿ ಸೆನೆಕ ಈ ತೊಡಕನ್ನು ಚೆನ್ನಾಗಿ ಕಂಡಿದ್ದ. ಉಪಕಾರವನ್ನು ತೀರಿಸಲು ಅತಿ ಆತುರಪಡುವವನು ನಿಜಕ್ಕೂ ಕೃತಜ್ಞನಲ್ಲ, ಅವನಿಗೆ ಹಂಗು ಬೇಡವಾಗಿದೆ ಅಷ್ಟೇ ಎಂಬುದು ಅವನ ಅಭಿಪ್ರಾಯ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಮ್ಯಾನುಯೆಲ್ ಕಾಂಟ್ ಇನ್ನೂ ಬಿಗಿಯಾಗಿ ಹೇಳಿದ. ಉಪಕಾರ ಮಾಡಿದವನು ಮೊದಲಿಗನಾಗಿದ್ದಾನೆ, ಆ ಮೊದಲತನವನ್ನು ಪಡೆದವನು ಎಂದೂ ಹಿಂದಿರುಗಿಸಲಾರ. ಆದ್ದರಿಂದ ಈ ಕರ್ತವ್ಯಕ್ಕೆ ಮುಕ್ತಾಯವಿಲ್ಲ.

ಕಾಂಟ್ ಹೇಳಿದ್ದರಲ್ಲಿ ತರ್ಕವಿದೆ, ಆದರೆ ಒಂದು ಭಾರವೂ ಇದೆ. ಎಂದೂ ತೀರದ ಸಾಲ ಎಂದರೆ ಜೀತ. ಎಷ್ಟೋ ಮಂದಿ ತಮಗೆ ನೆರವಾದವರಿಂದ ದೂರವಾಗುವುದು, ಕೆಲವೊಮ್ಮೆ ಅವರನ್ನು ದ್ವೇಷಿಸುವುದೂ ಈ ಭಾರದಿಂದಲೇ. ಉಪಕಾರ ಮಾಡಿದವರು ಅದನ್ನು ಆಗಾಗ ನೆನಪಿಸುತ್ತಿದ್ದರಂತೂ ಮುಗಿಯಿತು. ಕಮೂ ಪತ್ರದಲ್ಲಿ ಈ ಭಾರ ಕಾಣುವುದಿಲ್ಲ. ಏಕೆ?

ಉತ್ತರ ಕಾದಂಬರಿಯ ಒಂದು ಸಣ್ಣ ಘಟನೆಯಲ್ಲಿದೆ. ಅಧ್ಯಾಪಕರಿಗೆ ಈ ಹುಡುಗನ ಮೇಲೆ ಪಕ್ಷಪಾತ ಎಂದು ಸಹಪಾಠಿಯೊಬ್ಬ ಹಂಗಿಸುತ್ತಾನೆ. ಆರೋಪ ಕಿವಿಗೆ ಬಿದ್ದಾಗ ಅಧ್ಯಾಪಕರು ಅದನ್ನು ಅಲ್ಲಗಳೆಯುವುದಿಲ್ಲ. ಹೌದು, ಇವನ ಮೇಲೆ ಮಾತ್ರವಲ್ಲ, ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಎಲ್ಲ ಮಕ್ಕಳ ಮೇಲೂ ತನಗೆ ಒಲವಿದೆ ಎಂದು ತರಗತಿಯಲ್ಲೇ ಒಪ್ಪಿಕೊಳ್ಳುತ್ತಾರೆ. ಇವರ ತಂದೆಯರೊಂದಿಗೆ ತಾನೂ ಹೋರಾಡಿದವನು, ಅವರು ಸತ್ತರು, ತಾನು ಬದುಕಿ ಬಂದೆ, ಆ ಸತ್ತ ಗೆಳೆಯರ ಜಾಗದಲ್ಲಿ ಇಲ್ಲಿ ನಿಲ್ಲಲು ಯತ್ನಿಸುತ್ತಿದ್ದೇನೆ ಎನ್ನುತ್ತಾರೆ. ಅಂದರೆ ಕಾಂಟ್ ಹುಡುಕಿದ ಆ 'ಮೊದಲಿಗ' ಈ ಅಧ್ಯಾಪಕರೂ ಅಲ್ಲ! ತಮ್ಮದೇ ಒಂದು ಹಂಗನ್ನು ಅವರು ಎರಡು ಗಂಟೆಯ ಪಾಠದ ಮೂಲಕ ಸಲ್ಲಿಸುತ್ತಿದ್ದರು. ಅದನ್ನು ಪಡೆಯಬೇಕಾದವರು ಮಣ್ಣಿನಡಿಯಲ್ಲಿದ್ದುದರಿಂದ ಅದು ಮಕ್ಕಳಿಗೆ ಸಂದಿತು. 'ಹುಡುಗ ಆಗಲೇ ಕೊಟ್ಟಾಗಿದೆ' ಎಂಬ ಮಾತಿನ ಹಿಂದೆಯೂ ಇದೇ ಇದ್ದೀತೇ ಎಂದು ನಮಗೆ ಅನ್ನಿಸುತ್ತದೆ. ಕೊಡುವವನು ತಾನೂ ಪಡೆದವನು ಎಂದು ಬಲ್ಲವನಾಗಿದ್ದರೆ ಪಡೆಯುವವನ ಬೆನ್ನು ಬಾಗುವುದಿಲ್ಲ.

ಇನ್ನು ಜರ್ಮೇನ್ ಅವರ ಕಡೆಯ ಮಾತು. ಅವರೂ ಕಮೂಗೆ ಪತ್ರ ಬರೆಯುತ್ತಿದ್ದರು. 1959ರ ಏಪ್ರಿಲ್ 30ರ ಒಂದು ದೀರ್ಘ ಪತ್ರ ಉಳಿದಿದೆ. ಸಭೆಗಳಲ್ಲಿ ಓದುವವರು ಅದನ್ನು ಅಷ್ಟಾಗಿ ಓದುವುದಿಲ್ಲ, ಆದರೆ ನಮಗೆ ಅದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅದರಲ್ಲಿ ಅವರು ಒಂದು ಅಚ್ಚರಿಯ ವಿಷಯ ಹೇಳುತ್ತಾರೆ. ಆ ಹುಡುಗನ ಮನೆಯ ನಿಜಸ್ಥಿತಿ ತನಗೆ ಗೊತ್ತೇ ಇರಲಿಲ್ಲ! ವಿದ್ಯಾರ್ಥಿವೇತನದ ಪಟ್ಟಿಗೆ ಹೆಸರು ಸೇರಿಸುವ ವಿಷಯವಾಗಿ ಹುಡುಗನ ತಾಯಿ ತನ್ನನ್ನು ಕಾಣಲು ಬಂದಾಗಲಷ್ಟೇ ಅದರ ಸುಳಿವು ಸಿಕ್ಕಿತು, ಅಷ್ಟರಲ್ಲಿ ವರ್ಷ ಮುಗಿಯುತ್ತ ಬಂದಿತ್ತು. ಅಲ್ಲಿಯವರೆಗೆ ಅವನು ಉಳಿದವರಂತೆಯೇ ಕಂಡಿದ್ದ. ಬೇಕಾದದ್ದೆಲ್ಲ ಅವನ ಬಳಿ ಇರುತ್ತಿತ್ತು, ಅಣ್ಣನಂತೆ ಅವನೂ ಅಚ್ಚುಕಟ್ಟಾಗಿ ಉಡುಪು ಧರಿಸಿ ಬರುತ್ತಿದ್ದ, ಮುಖದಲ್ಲಿ ಸಂತೋಷ ಕಾಣುತ್ತಿತ್ತು.

ಈ ವಾಕ್ಯಗಳನ್ನು ನಾವು ಎರಡು ಸಲ ಓದಬೇಕು. ಕಾದಂಬರಿಯಲ್ಲಿ ಅಧ್ಯಾಪಕರು ಮನೆಗೆ ಬಂದು ಅಜ್ಜಿಯನ್ನು ಕಾಣುತ್ತಾರೆ, ಅಧ್ಯಾಪಕರ ನೆನಪಿನಲ್ಲಿ ತಾಯಿಯೇ ಶಾಲೆಗೆ ಬಂದಿದ್ದಾರೆ. ಎರಡೂ ನಡೆದಿರಬಹುದು, ನೆನಪು ಒಂದನ್ನು ಉಳಿಸಿ ಇನ್ನೊಂದನ್ನು ಬಿಟ್ಟಿರಲೂಬಹುದು. ಆದರೆ ಹುಡುಗನ ಉಡುಪು ಅಚ್ಚುಕಟ್ಟಾಗಿತ್ತು ಎಂಬಲ್ಲಿ ಸಂಶಯವಿಲ್ಲ. ಆ ಉಡುಪನ್ನು ಒಗೆದವರು ಯಾರು? ದಿನವಿಡೀ ಇತರರ ಬಟ್ಟೆ ಒಗೆದು ಬಂದ, ಕಿವಿ ಕೇಳದ ಆ ಹೆಂಗಸು. ಬಡತನ ಶಾಲೆಯ ಬಾಗಿಲಲ್ಲಿ ಕಾಣದಂತೆ ಮಾಡಿದ್ದು ಅವರು. ಮಗ ಅಲ್ಲಿ ಕನಿಕರದ ವಸ್ತುವಾಗದೆ ಕೇವಲ ಒಬ್ಬ ವಿದ್ಯಾರ್ಥಿಯಾಗಿ ಕುಳಿತುಕೊಳ್ಳಲು ಸಾಧ್ಯವಾದದ್ದು ಇದರಿಂದ. ಅಧ್ಯಾಪಕರ ಪ್ರೋತ್ಸಾಹ ದಯೆಯಾಗದೆ ಪಾಠವಾಗಿಯೇ ಉಳಿದದ್ದಕ್ಕೂ ಕಾರಣ ಇದೇ.

ಕಮೂಗೆ ಇದು ಗೊತ್ತಿತ್ತು. ಪತ್ರದಲ್ಲಿ ಮೊದಲ ನೆನಪು ತಾಯಿಯದು, ಎರಡನೆಯದು ಅಧ್ಯಾಪಕರದು ಎಂಬ ಕ್ರಮವನ್ನು ಶಿಷ್ಟಾಚಾರವೆಂದು ದಾಟಿಹೋಗಬಾರದು. ಧನ್ಯವಾದದ ಪತ್ರ ಎರಡನೆಯವರಿಗೆ ಹೋಯಿತು, ಏಕೆಂದರೆ ಮೊದಲನೆಯವರಿಗೆ ಪತ್ರ ಬರೆದರೆ ಓದಲು ಬರುತ್ತಿರಲಿಲ್ಲ. ಬರೆಯುತ್ತಿದ್ದ ಕಾದಂಬರಿಯ ಆರಂಭದಲ್ಲಿ ಅವರು ಅದನ್ನು ತಾಯಿಗೆ, ಈ ಪುಸ್ತಕವನ್ನು ಎಂದೂ ಓದಲಾರದವಳು ಎಂಬ ಅರ್ಥದಲ್ಲಿ, ಅರ್ಪಿಸಿದ್ದರು. ಜಗತ್ತಿನ ಕೃತಜ್ಞತೆಯ ಪತ್ರಗಳೆಲ್ಲ ಓದಬಲ್ಲವರ ವಿಳಾಸಕ್ಕೇ ಹೋಗುತ್ತವೆ. ನಮ್ಮಲ್ಲೂ ಸೆಪ್ಟೆಂಬರ್ 5ರಂದು ಶಾಲು ಹೊದೆಸಲು ಒಂದು ಸಾಲು ಕುರ್ಚಿ ಹಾಕಿರುತ್ತಾರೆ. ಬೀಡಿ ಕಟ್ಟಿ ಮಗನ ಪರೀಕ್ಷಾ ಶುಲ್ಕ ತುಂಬಿದ ತಾಯಿಗೆ ಆ ಸಾಲಿನಲ್ಲಿ ಕುರ್ಚಿ ಇರುವುದಿಲ್ಲ.

ಪತ್ರದಲ್ಲಿ ಇನ್ನೂ ಕೆಲವರು ಇಲ್ಲ. ಅದು ಅಲ್ಜೀರಿಯಾ. ನೆಲ ಮುಸ್ಲಿಮರದು, ಆಳ್ವಿಕೆ ಫ್ರೆಂಚರದು. ಪ್ರಾಥಮಿಕ ಶಾಲೆಯಲ್ಲಿ ತಮಗೆ ಅರಬ್ ಸಹಪಾಠಿಗಳಿದ್ದರು, ಲೀಸೆಗೆ ಬಂದಾಗ ಅವರು ಅಪವಾದವೆಂಬಷ್ಟು ವಿರಳ, ಇದ್ದವರೂ ಶ್ರೀಮಂತ ಮನೆತನದವರು ಎಂದು ಕಮೂ ಅದೇ ಕಾದಂಬರಿಯಲ್ಲಿ ಹೇಳುತ್ತಾರೆ. ಇನ್ನು ಬಹುಪಾಲು ಅರಬ್ ಮತ್ತು ಕಬೈಲ್ ಮಕ್ಕಳಂತೂ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಿದವರಲ್ಲ. ಒಂದೇ ಬೀದಿಯಲ್ಲಿ ಚೆಂಡಾಡಿದ, ಅಷ್ಟೇ ಬಡವನಾದ, ಬಹುಶಃ ಅಷ್ಟೇ ಚುರುಕಾದ ಇನ್ನೊಬ್ಬ ಹತ್ತು ವರ್ಷದ ಹುಡುಗ ಆ ವರ್ಷದ ಕೊನೆಗೆ ಎಲ್ಲಿಗೆ ಹೋದ? ಜರ್ಮೇನ್ ಕೆಟ್ಟವರೆಂದು ಇದರ ಅರ್ಥವಲ್ಲ. ಒಬ್ಬ ಒಳ್ಳೆಯ ಅಧ್ಯಾಪಕ ಕಿರಿದಾದ ಬಾಗಿಲಿನಿಂದ ಕೆಲವರನ್ನು ಒಳಗೆ ತಳ್ಳಬಲ್ಲ, ಬಾಗಿಲಿನ ಅಗಲವನ್ನು ಅವನು ನಿರ್ಧರಿಸುವುದಿಲ್ಲ. ಆದರೆ ಒಳಗೆ ಹೋದವನ ಕೃತಜ್ಞತೆ ಎಷ್ಟು ಸುಂದರವಾಗಿ ಕೇಳಿಸುತ್ತದೆಂದರೆ, ಬಾಗಿಲು ಏಕೆ ಅಷ್ಟು ಕಿರಿದು ಎಂದು ಕೇಳಲು ನಾವು ಮರೆಯುತ್ತೇವೆ. ಹಕ್ಕಾಗಿ ಸಿಗಬೇಕಾದದ್ದು ಅದೃಷ್ಟದಿಂದ ಸಿಕ್ಕಾಗ ಮಾತ್ರ ಮನುಷ್ಯ ಇಷ್ಟೊಂದು ಕೃತಜ್ಞನಾಗಬೇಕಾಗುತ್ತದೆ.

ಇಲ್ಲಿ ಕಮೂ ಲೆಕ್ಕ ಒಪ್ಪಿಸಬೇಕಾದವರು, ಸ್ವಲ್ಪಮಟ್ಟಿಗೆ ಒಪ್ಪಿಸಿದವರೂ ಹೌದು. 1939ರ ಜೂನ್‌ನಲ್ಲಿ, 25ರ ಹರೆಯದ ಪತ್ರಕರ್ತನಾಗಿ, ಅವರು ಕಬೈಲಿಯಾದ ಬೆಟ್ಟಗಳಲ್ಲಿ ತಿರುಗಿ ಅಲ್ಲಿನ ಹಸಿವಿನ ಕುರಿತು ಸರಣಿ ಲೇಖನ ಬರೆದರು. ಅದರಲ್ಲಿ ಶಾಲೆಗಳ ಕುರಿತೂ ಬರೆದರು. ಅಲ್ಲಿನ ಜನ ಶಾಲೆಗಾಗಿ ಹಾತೊರೆಯುತ್ತಿದ್ದಾರೆ, ಸರಕಾರ ಮಾತ್ರ ಕೆಲವೇ ಕಡೆ ದುಬಾರಿ ಕಟ್ಟಡ ಕಟ್ಟಿ ಕೈತೊಳೆದುಕೊಳ್ಳುತ್ತಿದೆ, ಆ ಹಣದಲ್ಲಿ ಎಷ್ಟೋ ಸರಳ ಶಾಲೆಗಳನ್ನು ಕಟ್ಟಬಹುದಿತ್ತು ಎಂಬುದು ಅವರ ವಾದ. ಆಳುವವರಿಗೆ ಅದು ಹಿಡಿಸಲಿಲ್ಲ. ನಮ್ಮ ಮಟ್ಟಿಗೆ ಜರ್ಮೇನ್‌ಗೆ ಕಮೂ ಸಲ್ಲಿಸಿದ ನಿಜವಾದ ಧನ್ಯವಾದದಲ್ಲಿ ಈ ಲೇಖನಗಳಿಗೂ ಪಾಲಿದೆ, ಅವುಗಳಲ್ಲಿ ಜರ್ಮೇನ್ ಹೆಸರು ಇಲ್ಲದಿದ್ದರೂ. ಅಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಆ ನೆಲದ ಜನ ಸ್ವಾತಂತ್ರ್ಯಕ್ಕಾಗಿ ಎದ್ದಾಗ ಕಮೂ ಅವರ ಜೊತೆ ನಿಲ್ಲಲಿಲ್ಲ. ಪತ್ರ ಬರೆದ 1957ರಲ್ಲಿಯೇ ಆಲ್ಜಿಯರ್ಸಿನ ಓಣಿಗಳಲ್ಲಿ ಫ್ರೆಂಚ್ ಪ್ಯಾರಾಟ್ರೂಪರುಗಳು ಬಂಧಿಸಿದವರನ್ನು ಚಿತ್ರಹಿಂಸೆಗೆ ಒಡ್ಡುತ್ತಿದ್ದರು, ಟ್ರಾಮು ಮತ್ತು ಕೆಫೆಗಳಲ್ಲಿ ಬಾಂಬುಗಳೂ ಸಿಡಿಯುತ್ತಿದ್ದವು. ಎರಡೂ ಕಡೆಯ ನಾಗರಿಕರ ಸಾವನ್ನು ವಿರೋಧಿಸಿದ ಕಮೂ ಸ್ವಾತಂತ್ರ್ಯವನ್ನು ಬೆಂಬಲಿಸಲಾರದೆ ಹೋದರು. ತಾಯಿ ಆ ಊರಿನಲ್ಲೇ ಇದ್ದರು. ಈ ದೌರ್ಬಲ್ಯವನ್ನು ಕ್ಷಮಿಸಬೇಕೆಂದು ಅಲ್ಜೀರಿಯನ್ನರಿಗೆ ಉಪದೇಶಿಸಲು ನಾವು ಯಾರೂ ಅಲ್ಲ.

ಆ ವರ್ಷದ ಇನ್ನೊಂದು ಬೆಲೆಯ ಬಗ್ಗೆ ಪತ್ರ ಮೌನವಾಗಿದೆ, ಕಾದಂಬರಿ ಮಾತಾಡುತ್ತದೆ. ಪರೀಕ್ಷೆಯಲ್ಲಿ ಪಾಸಾದ ದಿನ ಅಧ್ಯಾಪಕರು ಹುಡುಗನಿಗೆ, ಇನ್ನು ನಿನಗೆ ನನ್ನ ಅಗತ್ಯವಿಲ್ಲ, ನನಗಿಂತ ಹೆಚ್ಚು ತಿಳಿದವರು ಸಿಗುತ್ತಾರೆ, ಬೇಕೆನಿಸಿದರೆ ನಾನಿರುವ ಜಾಗ ನಿನಗೆ ಗೊತ್ತು ಎಂಬರ್ಥದಲ್ಲಿ ಹೇಳಿ ಹೊರಡುತ್ತಾರೆ. ಅವರು ಹೋಗುವುದನ್ನು ನೋಡುತ್ತ ನಿಂತ ಹುಡುಗನಿಗೆ ಗೆಲುವಿನ ಸಂತೋಷಕ್ಕಿಂತ ಹೆಚ್ಚಾಗಿ ಒಂದು ಸಂಕಟವಾಗುತ್ತದೆ. ಬಡವರ ಬೆಚ್ಚನೆಯ ಲೋಕದಿಂದ ಈ ಗೆಲುವು ತನ್ನನ್ನು ಕಿತ್ತು ತೆಗೆದಿದೆ, ಇನ್ನು ಮುಂದೆ ಯಾರ ನೆರವೂ ಇಲ್ಲದೆ ಬೆಳೆಯಬೇಕು ಎಂದು ಅವನಿಗೆ ಅರಿವಾಗುತ್ತದೆ. ಊರಿನಲ್ಲಿ ಮೊದಲು ಓದಿದ ಹುಡುಗ ಹುಡುಗಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಗೆ ಬಂದಾಗ ತಾಯಿಯೊಂದಿಗೆ ಮಾತಾಡಲು ವಿಷಯ ಹುಡುಕುವ ಸಂಕಟ ಅವರಿಗೆ ಗೊತ್ತು. ಧನ್ಯವಾದ ಹೇಳುವಾಗ ಇದನ್ನೂ ಹೇಳಬೇಕೇ? 'ನೀವು ನನ್ನನ್ನು ಮೇಲೆತ್ತಿದಿರಿ' ಎನ್ನುವವನು 'ನನ್ನವರಿಂದ ಅಗಲಿಸಿದಿರಿ' ಎಂಬುದನ್ನೂ ಸೇರಿಸಬೇಕೇ? ಪತ್ರದಲ್ಲಿ ಬೇಕಾಗಿಲ್ಲ ಎಂದೇ ನಮ್ಮ ಅಭಿಪ್ರಾಯ. ಪತ್ರ ಒಬ್ಬ ವೃದ್ಧ ಅಧ್ಯಾಪಕರ ಕೈಗೆ ಹೋಗುವ ವಸ್ತು, ಪೂರ್ಣ ಸತ್ಯ ಹೇಳಲು ಪುಸ್ತಕವಿದೆ. ಆದರೆ ಪುಸ್ತಕವನ್ನು ಬರೆಯದೆ ಪತ್ರವನ್ನಷ್ಟೇ ಬರೆದಿದ್ದರೆ ಅದು ಅರ್ಧ ಪ್ರಾಮಾಣಿಕತೆಯಾಗುತ್ತಿತ್ತು.

ಆ ಪುಸ್ತಕ ಮುಗಿಯಲಿಲ್ಲ. 1960ರ ಜನವರಿ 4ರಂದು ಫ್ರಾನ್ಸಿನ ವಿಲ್ಬ್ಲವ್ಯಾಂ ಎಂಬಲ್ಲಿ ಕಾರು ಮರಕ್ಕೆ ಬಡಿದು ಕಮೂ ತೀರಿಕೊಂಡರು. ಅಪಘಾತದ ಜಾಗದಲ್ಲಿ ಸಿಕ್ಕ ಚೀಲದಲ್ಲಿ ಕೈಬರಹದ ಆ ಹಾಳೆಗಳಿದ್ದವು. ತಾಯಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು, 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು, 1966ರಲ್ಲಿ ಜರ್ಮೇನ್ ಕೂಡ ಹೋದರು. ಕಾದಂಬರಿ ಪ್ರಕಟವಾದದ್ದು 1994ರಲ್ಲಿ, ಮಗಳ ಕೈಯಿಂದ. ಎರಡೂ ಪತ್ರಗಳನ್ನು ಅದರ ಕೊನೆಗೆ ಸೇರಿಸಿದ್ದಾರೆ.

ಜರ್ಮೇನ್ ಅವರ 1959ರ ಪತ್ರದಲ್ಲಿ ದೇವರ ವಿಷಯವೂ ಬರುತ್ತದೆ. ತರಗತಿಯಲ್ಲಿ ಆ ಮಾತು ಬಂದಾಗ ಕೆಲವರು ನಂಬುತ್ತಾರೆ, ಕೆಲವರು ನಂಬುವುದಿಲ್ಲ ಎಂದಷ್ಟೇ ಹೇಳುತ್ತಿದ್ದೆ, ಯಾವ ಧರ್ಮಗಳಿವೆ ಎಂದು ತಿಳಿಸುತ್ತಿದ್ದೆ, ಯಾರನ್ನೂ ಒಂದು ಕಡೆಗೆ ಎಳೆಯಲಿಲ್ಲ ಎನ್ನುತ್ತಾರೆ. ತನ್ನ ಸತ್ಯವನ್ನು ತಾನೇ ಹುಡುಕಿಕೊಳ್ಳುವ ಹಕ್ಕು ಮಗುವಿನಲ್ಲಿ ಎಲ್ಲಕ್ಕಿಂತ ಪವಿತ್ರವಾದದ್ದು, ಅದನ್ನು ಇಡೀ ವೃತ್ತಿಯಲ್ಲಿ ಗೌರವಿಸಿದ್ದೇನೆ ಎಂಬ ನೆಮ್ಮದಿ ಅವರದು. ನೊಬೆಲ್ ಪಡೆದವನಿಗೆ ಬರೆಯುತ್ತಿದ್ದೇನೆಂಬ ಅಳುಕು ಎಲ್ಲೂ ಇಲ್ಲ. ಖ್ಯಾತಿ ತಲೆಗೇರಿಲ್ಲವಲ್ಲ ಎಂದು ಸಂತೋಷಪಡುತ್ತಾರೆ. 45 ವರ್ಷದ ಆ ಲೇಖಕನನ್ನು ಪತ್ರದ ಮೊದಲ ಸಾಲಿನಲ್ಲೇ ಅವರು ಪುಟ್ಟ ಮಗುವನ್ನು ಕರೆಯುವಂತೆ ಕರೆದಿದ್ದಾರೆ.